ತಿರುಗಿಸಿ ಇಟ್ಟು ಫೋಟೊ ತೆಗೀರಿ

ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬರುತ್ತದೆ. ಜಿಡ್ಡು ಹಿಡಿದ ಪೇಪರ್ ಮೇಲೆ ಕರ್ರಗಿನ ಒಂದು ತುಂಡು. ಕೆಳಗೆ ಒಂದೇ ಸಾಲು: "ಅಣ್ಣಾ, ಇದು ಸಿಗುತ್ತಾ? ರೇಟ್ ಎಷ್ಟು?" ಹಾಸನದಲ್ಲಿರುವ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯ ಫೋನಿನ ತುಂಬ ಇಂಥವೇ. ಗಾಡಿ ಯಾವುದು, ತುಂಡು ಮುಂದಿನ ಚಕ್ರದ್ದೋ ಹಿಂದಿನದೋ ಅನ್ನುವುದು ಕೇಳಿದ ಮೇಲೆ ಬರುತ್ತದೆ. ಅದನ್ನು ತಿಳಿದುಕೊಂಡರೂ ಎಷ್ಟೋ ಸಲ ಸರಿಯಾದ ಪ್ಯಾಕೆಟ್ ಯಾವುದೆಂದು ಹೇಳಲಾಗುವುದಿಲ್ಲ. ಕಾರಣ ಸರಳ. ಎಲ್ಲರೂ ಸವೆದ ಮುಖವನ್ನು ಮೇಲೆ ಮಾಡಿ ಫೋಟೊ ತೆಗೆಯುತ್ತಾರೆ. ಸವೆದ ಅಟ್ಟೆಯನ್ನು ತೋರಿಸಿ ಚಪ್ಪಲಿ ಅಳತೆ ಕೇಳಿದ ಹಾಗೆ.

ಡಿಸ್ಕ್ ಬ್ರೇಕಿನ ಪ್ಯಾಡ್‌ನಲ್ಲಿ ಇರುವುದು ಎರಡೇ ಭಾಗ. ಡಿಸ್ಕಿಗೆ ಉಜ್ಜುವ ಲೈನಿಂಗ್, ಅದನ್ನು ಹೊತ್ತ ಕಬ್ಬಿಣದ ಬ್ಯಾಕ್ ಪ್ಲೇಟ್. ಲೈನಿಂಗ್ ಸವೆಯುತ್ತ ಹೋಗುತ್ತದೆ, ಅಂಚು ಒಡೆಯುತ್ತದೆ, ನಡುವಿನ ಗೀರು ಮಾಯವಾಗುತ್ತದೆ. ಅದೂ ಅಲ್ಲದೆ ಒಂದೇ ಗಾಡಿಗೆ ಪ್ಯಾಡ್ ಮಾಡುವ ಬೇರೆ ಬೇರೆ ಕಂಪನಿಗಳು ಲೈನಿಂಗನ್ನು ತಮಗೆ ಬೇಕಾದ ಆಕಾರದಲ್ಲಿ, ಬಣ್ಣದಲ್ಲಿ ಮಾಡುತ್ತವೆ. ಹಾಗಾಗಿ ಅದರಿಂದ ಗುರುತು ಸಿಗುವುದಿಲ್ಲ. ಬ್ಯಾಕ್ ಪ್ಲೇಟ್ ಹಾಗಲ್ಲ. ಅದು ಕ್ಯಾಲಿಪರ್ ಒಳಗೆ ಕೂರಬೇಕು, ಪಿನ್ನಿಗೆ ಸಿಕ್ಕಿಕೊಳ್ಳಬೇಕು. ಅದರ ಹೊರಗೆರೆ, ಕಿವಿ, ಪಿನ್ ತೂತು ಯಾವ ಕಂಪನಿ ಮಾಡಿದರೂ ಒಂದೇ ಇರಲೇಬೇಕು, ಮತ್ತು ಅದು ಸವೆಯುವುದೂ ಇಲ್ಲ. ಅದಕ್ಕೇ ಬಂದವರಿಗೆಲ್ಲ ನಾನು ಮೊದಲು ಬರೆಯುವ ಮಾತು: "ತಿರುಗಿಸಿ ಇಟ್ಟು ಇನ್ನೊಂದು ಫೋಟೊ ತೆಗೀರಿ. ಎರಡೂ ಪ್ಯಾಡ್ ಬೇಕು."

ಎರಡೂ ಯಾಕೆಂದರೆ, ಜೋಡಿಯಲ್ಲಿ ಒಳಗಿನದು, ಹೊರಗಿನದು ಬೇರೆ ಬೇರೆ ಆಕಾರದಲ್ಲಿರುವುದು ಸಾಮಾನ್ಯ. ಒಂದಕ್ಕೆ ತೂತಿರುವ ಕಿವಿ ಇದ್ದರೆ ಇನ್ನೊಂದಕ್ಕೆ ಬರೀ ಕೊಕ್ಕೆ ಇರಬಹುದು. ಹೊರಗಿನ ಪ್ಯಾಡ್ ಮಾತ್ರ ನೋಡಿದರೆ ನಾಲ್ಕು ಪ್ಯಾಕೆಟ್ ಒಂದೇ ಥರ ಕಾಣುತ್ತವೆ, ಒಳಗಿನದು ನೋಡಿದ ಕೂಡಲೇ ಮೂರು ಪಕ್ಕಕ್ಕೆ ಹೋಗುತ್ತವೆ.

ಒಳಗಿನ ಪ್ಯಾಡಿನ ಬೆನ್ನ ಮೇಲೆ ಇನ್ನೊಂದು ಸಾಕ್ಷಿ ಇರುತ್ತದೆ. ಬ್ರೇಕ್ ಹಿಡಿದಾಗಲೆಲ್ಲ ಕ್ಯಾಲಿಪರಿನ ಪಿಸ್ಟನ್ ಅದೇ ಜಾಗದಲ್ಲಿ ಒತ್ತಿ ಒತ್ತಿ ಬಳೆಯಂಥ ಗುರುತು ಬಿದ್ದಿರುತ್ತದೆ. ಒಂದು ಬಳೆ ಇದ್ದರೆ ಒಂದು ಪಿಸ್ಟನ್, ಎರಡಿದ್ದರೆ ಎರಡು. ಬಳೆಯ ಅಗಲ ಪಿಸ್ಟನ್ನಿನ ಗಾತ್ರವನ್ನೂ ಹೇಳುತ್ತದೆ. ಬೆನ್ನಿಗೆ ತೆಳು ಶಿಮ್ ಇದ್ದರೆ ಗುರುತು ಶಿಮ್ ಮೇಲೆ ಬಿದ್ದಿರುತ್ತದೆ, ಅದರ ಫೋಟೊ ಕಳಿಸಿದರಾಯಿತು. ಇದನ್ನು ಕೊಳೆ ಅಂದುಕೊಂಡು ಉಜ್ಜಿ ತೊಳೆದು, ಲಕಲಕ ಹೊಳೆಯಿಸಿ ಫೋಟೊ ಕಳಿಸುವ ಶುಚಿವಂತರೂ ಇದ್ದಾರೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಗಾಳಿ ಹೊಡೆಯಬೇಡಿ, ಬ್ರೇಕಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಬೆನ್ನ ಮೇಲೆ ಅಕ್ಷರ, ಅಂಕಿ ಕೂಡ ಇರುತ್ತವೆ. ಅಲ್ಲಿ ಒಂದು ಗೊಂದಲ. "ಅದರಲ್ಲೇ ಪಾರ್ಟ್ ನಂಬರ್ ಇದೆ ಅಣ್ಣಾ, ಎಫ್ಎಫ್ ಅಂತ" ಎಂದು ಬರೆಯುವವರು ಬಹಳ. ಅದು ಪಾರ್ಟ್ ನಂಬರ್ ಅಲ್ಲ. ಆ ಎರಡಕ್ಷರ ಲೈನಿಂಗಿನ ಹಿಡಿತದ ದರ್ಜೆ. ಮೊದಲನೆಯದು ಸಾಮಾನ್ಯ ಶಾಖದಲ್ಲಿ, ಎರಡನೆಯದು ಬ್ರೇಕ್ ಕಾದಾಗ ಅದು ಎಷ್ಟು ಹಿಡಿಯುತ್ತದೆ ಎಂಬುದನ್ನು ಹೇಳುತ್ತದೆ. ಎಫ್ ಅಂದರೆ ಘರ್ಷಣೆಯ ಅಳತೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ನೂರಾರು ಗಾಡಿಗಳ ಪ್ಯಾಡಿನ ಮೇಲೆ ಎಫ್ಎಫ್ ಇರಬಹುದು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಕ್ಕದಲ್ಲಿರುವ ಉದ್ದನೆಯ ಅಂಕಿ ಕೆಲವೊಮ್ಮೆ ಬರೀ ಬ್ಯಾಚ್ ನಂಬರ್. ಆದರೂ ಎಲ್ಲವನ್ನೂ ಕಳಿಸಿ, ಯಾವುದು ಏನು ಅಂತ ಕ್ಯಾಟಲಾಗ್ ಹೇಳುತ್ತದೆ. ಅಕ್ಷರ ಕಾಣಿಸದಿದ್ದರೆ ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಮೇಲಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಅಚ್ಚಾದ ಅಕ್ಷರಕ್ಕೆ ನೆರಳು ಬಿದ್ದು ಎದ್ದು ಕಾಣುತ್ತದೆ. ಫೋನಿನ ಫ್ಲ್ಯಾಶ್ ನೇರ ಬೀಳುವುದರಿಂದ ನೆರಳೇ ಇಲ್ಲದೆ ಎಲ್ಲ ಬಿಳುಪಾಗುತ್ತದೆ.

ಇನ್ನು ಗಾತ್ರ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಕಳಿಸುವುದು ರೂಢಿ. ಒಂದು ರೂಪಾಯಿ ನಾಣ್ಯ ಕಾಲಕಾಲಕ್ಕೆ ಚಿಕ್ಕದಾಗುತ್ತ ಬಂದಿದೆ. ಹಳೆಯದು 25 ಮಿ.ಮೀ., 2011ರದು ಸುಮಾರು 22, 2019ರದು 20. ಫೋಟೊದಲ್ಲಿರುವುದು ಯಾವುದೋ ಯಾರಿಗೆ ಗೊತ್ತು? ನಾಣ್ಯವೇ ಇಡುವುದಾದರೆ ಎರಡು ಲೋಹದ ಹತ್ತು ರೂಪಾಯಿಯದು ಇಡಿ, ಅದು 27 ಮಿ.ಮೀ. ಅದಕ್ಕಿಂತ ಒಳ್ಳೆಯದು ಒಂದು ಕಾರ್ಡ್. ಎಟಿಎಂ ಕಾರ್ಡಾಗಲಿ ಮೆಟ್ರೊ ಕಾರ್ಡಾಗಲಿ ಉದ್ದ 85.6 ಮಿ.ಮೀ., ಅಗಲ 54. ಎಟಿಎಂ ಕಾರ್ಡಿನ ನಂಬರ್ ಕಾಣುವಂತೆ ಇಟ್ಟು ಫೋಟೊ ಕಳಿಸುವ ಪುಣ್ಯಾತ್ಮರಿದ್ದಾರೆ. ದಯವಿಟ್ಟು ಬೇಡ, ಮನೆಯಲ್ಲಿ ಮಗುವಿನ ಕಂಪಾಸ್ ಬಾಕ್ಸಿನ ಸ್ಕೇಲ್ ಇದ್ದೇ ಇರುತ್ತದೆ.

ಅಳತೆಗೆ ಏನಾದರೂ ಇಟ್ಟರೆ ಸಾಲದು, ಅದು ಎಷ್ಟು ಎತ್ತರದಲ್ಲಿದೆ ಅನ್ನುವುದೂ ಮುಖ್ಯ. ಅರಸೀಕೆರೆ ಕಡೆಯ ಒಬ್ಬ ಹುಡುಗನ ಪ್ಯಾಡ್ ಇದಕ್ಕೆ ಒಳ್ಳೆಯ ಉದಾಹರಣೆ. 160 ಸಿಸಿ ಬೈಕು, ಮುಂದಿನ ಡಿಸ್ಕು. ಪ್ಯಾಡಿನ ಬೆನ್ನು ಮೇಲೆ ಮಾಡಿ, ಪಕ್ಕದಲ್ಲಿ ಮೆಟ್ರೊ ಕಾರ್ಡ್ ಇಟ್ಟು ಕಳಿಸಿದ್ದ. ಕಾರ್ಡಿನ ಉದ್ದ ಕಂಪ್ಯೂಟರ್ ಪರದೆಯ ಮೇಲೆ 171 ಮಿ.ಮೀ. ಬರುವಷ್ಟು ಫೋಟೊ ಹಿಗ್ಗಿಸಿದೆ. ಆಗ ಎಲ್ಲವೂ ಇರುವುದರ ಎರಡರಷ್ಟು, ಲೆಕ್ಕ ಸುಲಭ. ಪ್ಯಾಡ್ ಪರದೆಯ ಮೇಲೆ 162, ಅಂದರೆ ನಿಜದಲ್ಲಿ 81 ಮಿ.ಮೀ. ಆ ಉದ್ದದ ಒಂದು ಪ್ಯಾಡ್ ನನ್ನ ಬಳಿ ಇತ್ತು, ಆಕಾರವೂ ಹೆಚ್ಚುಕಡಿಮೆ ಹೊಂದುತ್ತಿತ್ತು. ಆದರೆ ಅದು ಒಂದು ಪಿಸ್ಟನ್ನಿನ ಕ್ಯಾಲಿಪರಿನದು. ಹುಡುಗನ ಫೋಟೊದಲ್ಲಿ ಎರಡು ಬಳೆ ಅಕ್ಕಪಕ್ಕ ಸ್ಪಷ್ಟವಾಗಿ ಕಾಣುತ್ತಿದ್ದವು.

ಎಲ್ಲಿ ತಪ್ಪಿತು? ಅವನು ಫೋನನ್ನು ಅರ್ಧ ಗೇಣು ದೂರದಲ್ಲಿ, ಸುಮಾರು 10 ಸೆಂ.ಮೀ. ಎತ್ತರದಲ್ಲಿ ಹಿಡಿದಿದ್ದ. ಕಾರ್ಡ್ ಮೇಜಿಗೆ ಅಂಟಿಕೊಂಡಿರುತ್ತದೆ. ಸವೆದ ಪ್ಯಾಡಾದರೂ ಅದರ ಬೆನ್ನು ಮೇಜಿನಿಂದ 5 ಮಿ.ಮೀ. ಮೇಲಿರುತ್ತದೆ, ಅಷ್ಟರ ಮಟ್ಟಿಗೆ ಕ್ಯಾಮೆರಾಗೆ ಹತ್ತಿರ. ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ. ನೂರರಲ್ಲಿ ಐದು ಅಂದರೆ 77 ಮಿ.ಮೀ. ಇದ್ದದ್ದು 81 ಆಗುತ್ತದೆ. "ಒಂದೂವರೆ ಮೊಳ ದೂರ ನಿಂತು, ಎರಡು ಪಟ್ಟು ಜೂಮ್ ಮಾಡಿ, ನೇರ ಮೇಲಿಂದ ತೆಗಿಯಪ್ಪಾ" ಎಂದೆ. ಎರಡನೇ ಫೋಟೊದಲ್ಲಿ ಪ್ಯಾಡ್ 155 ಬಂತು, ಅರ್ಧ ಮಾಡಿದರೆ ಎಪ್ಪತ್ತೇಳೂವರೆ. 77 ಮಿ.ಮೀ. ಉದ್ದದ, ಎರಡು ಪಿಸ್ಟನ್ನಿನ, ಒಳಗಿನ ಪ್ಯಾಡಿಗೆ ಒಂದೇ ತೂತಿನ ಕಿವಿ ಇರುವ ಪ್ಯಾಕೆಟ್ ಇತ್ತು. ಬಸ್ಸಿಗೆ ಹಾಕಿ ಕಳಿಸಿದೆ, ಕೂತಿತು. ಸ್ಕೇಲನ್ನು ಒಂದೆರಡು ನಾಣ್ಯದ ಮೇಲೆ ಇಟ್ಟು ಪ್ಯಾಡಿನ ಬೆನ್ನಿನ ಮಟ್ಟಕ್ಕೆ ತಂದರೆ ಈ ತಾಪತ್ರಯವೇ ಇರುವುದಿಲ್ಲ.

ಬೈಕಿನ ಹೆಸರು ಹೇಳಿದರೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಉತ್ತರ: ಪ್ಯಾಡ್ ಕೂರುವುದು ಕ್ಯಾಲಿಪರಿಗೆ, ಬೈಕಿನ ಹೆಸರಿಗಲ್ಲ. "ಪಲ್ಸರ್" ಅಂದರೆ 125, 150, 220, ಎನ್ಎಸ್ 200 ಎಲ್ಲವೂ ಪಲ್ಸರೇ. ಕೆಲವಕ್ಕೆ ಹಿಂದೆಯೂ ಡಿಸ್ಕ್ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಆದರೂ ಇರಬೇಕಾಯಿತು. ಹಾಗಾಗಿ ಒಂದೇ ಹೆಸರಿನ ಗಾಡಿ ಆ ವರ್ಷದ ಈಚೆಯದೋ ಆಚೆಯದೋ ಅನ್ನುವುದನ್ನೂ ಕೇಳಬೇಕಾಗುತ್ತದೆ. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ, ಅದನ್ನು ಬರೆಯಿರಿ. ಕ್ಯಾಲಿಪರ್ ಮೇಲೆ ಅದನ್ನು ಮಾಡಿದವರ ಹೆಸರು ಎರಕದಲ್ಲೇ ಇರುವುದುಂಟು, ಬೈಬ್ರೆ ಅಥವಾ ನಿಸ್ಸಿನ್ ಅಂತ. ಆ ಫೋಟೊ ಒಂದು ಬಂದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ. ಫೋಟೊದಲ್ಲಿ ಇರುವುದು ಅರ್ಧಚಂದ್ರದ ಹಾಗೆ ಬಾಗಿದ ತುಂಡಾದರೆ ಮಾತ್ರ ಅದು ಪ್ಯಾಡೇ ಅಲ್ಲ, ಡ್ರಮ್ ಬ್ರೇಕಿನ ಶೂ. ಅಲ್ಲಿ ಡ್ರಮ್ಮಿನ ಒಳವ್ಯಾಸ ಕೇಳುತ್ತೇವೆ. ಸ್ಪ್ಲೆಂಡರ್, ಆಕ್ಟಿವಾ ಥರದವಕ್ಕೆ 130 ಮಿ.ಮೀ.

ಎರಡೂ ಪ್ಯಾಡಿನ ಫೋಟೊ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ಒಳಗಿನದು ಕಬ್ಬಿಣದವರೆಗೆ ಸವೆದು, ಹೊರಗಿನದು ಅರ್ಧ ಉಳಿದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ ಎಂಬ ಅನುಮಾನ ಮೊದಲು ಬರಬೇಕು. ಪಿನ್ ಬಿಚ್ಚಿ, ತೊಳೆದು, ಅದಕ್ಕೆಂದೇ ಇರುವ ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಓರೆಯಾಗಿ ಹೋಗುತ್ತದೆ. ಕಬ್ಬಿಣ ಡಿಸ್ಕಿಗೆ ತಾಗಿ ಗೀರು ಬಿದ್ದಿದ್ದರೆ ಡಿಸ್ಕಿನ ದಪ್ಪವನ್ನೂ ನೋಡಬೇಕು. ಎಷ್ಟಕ್ಕಿಂತ ಕಮ್ಮಿ ಆಗಬಾರದು ಎಂದು ಡಿಸ್ಕಿನ ಮೇಲೇ ಕೊರೆದಿರುತ್ತಾರೆ.

ಕ್ಲಚ್ ಪ್ಲೇಟ್ ವಿಷಯಕ್ಕೆ ಬಂದರೆ ಫೋಟೊ ಇನ್ನೂ ಕಮ್ಮಿ ಹೇಳುತ್ತದೆ. ಗೇರ್ ಇಲ್ಲದ ಸ್ಕೂಟರಿನವರು ಕಳಿಸುವುದು ಪ್ಲೇಟಲ್ಲ, ಕ್ಲಚ್ ಶೂ. ಗೇರಿನ ಬೈಕಿನಲ್ಲಿ ಲೈನಿಂಗ್ ಇರುವ ಪ್ಲೇಟಿಗೆ ಹೊರ ಅಂಚಿನಲ್ಲಿ ಕಿವಿಗಳು, ಅದರ ನಡುನಡುವೆ ಬರುವ ಸ್ಟೀಲ್ ಪ್ಲೇಟಿಗೆ ಒಳ ಅಂಚಿನಲ್ಲಿ ಹಲ್ಲುಗಳು. ಗುರುತಿಗೆ ಬೇಕಾದದ್ದು ಹೊರ ಕಿವಿಗಳ ಎಣಿಕೆ, ಹೊರವ್ಯಾಸ, ಒಳವ್ಯಾಸ. ಲೈನಿಂಗಿನ ಚೂರುಗಳು ಎಷ್ಟಿವೆ, ಯಾವ ಆಕಾರ ಅನ್ನುವುದನ್ನು ನಂಬಬೇಡಿ, ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವು ಗಾಡಿಗಳಲ್ಲಿ ಸೆಟ್ಟಿನ ಒಂದು ಪ್ಲೇಟಿನ ಒಳವ್ಯಾಸ ಮಾತ್ರ ಹೆಚ್ಚಿರುತ್ತದೆ, ಒಳಗೆ ತೆಳು ಸ್ಪ್ರಿಂಗ್ ಬಳೆ ಕೂರಲಿ ಎಂದು. ಮೇಲಿನ ಒಂದನ್ನೇ ಫೋಟೊ ತೆಗೆದು ಕಳಿಸಿದರೆ ಇಡೀ ಸೆಟ್ಟು ತಪ್ಪಬಹುದು. ಬಿಚ್ಚಿದ ಕ್ರಮದಲ್ಲೇ ಎಲ್ಲ ಪ್ಲೇಟನ್ನೂ ಸಾಲಾಗಿ ಹರಡಿ ಒಂದು ಫೋಟೊ ತೆಗೆಯಿರಿ.

ದಪ್ಪ ಮಾತ್ರ ಫೋಟೊದಲ್ಲಿ ಸಿಗುವುದಿಲ್ಲ. ಹೊಸ ಪ್ಲೇಟ್ ಸುಮಾರು 3 ಮಿ.ಮೀ. ಇದ್ದರೆ ಬದಲಿಸಬೇಕಾದದ್ದು ಸುಮಾರು 2.6ಕ್ಕೆ. ಈ ಕೂದಲೆಳೆಯ ವ್ಯತ್ಯಾಸ ಯಾವ ಕ್ಯಾಮೆರಾಗೂ ಕಾಣದು, ಮೆಕ್ಯಾನಿಕ್ ಬಳಿಯ ವರ್ನಿಯರ್ ಹೇಳಬೇಕು. ನಿಮ್ಮ ಸವೆದ ಪ್ಲೇಟಿನ ಅಳತೆಯನ್ನೇ ಹೊಸದರ ಅಳತೆ ಎಂದು ಹೇಳಿ ತರಿಸಬೇಡಿ. ಪ್ಯಾಡಾಗಲಿ ಪ್ಲೇಟಾಗಲಿ ಪ್ಯಾಕೆಟ್ ಬಂದ ಕೂಡಲೇ ಹಳೆಯದನ್ನು ಹೊಸದರ ಮೇಲೆ, ಎರಡರ ಬೆನ್ನೂ ಒಂದೇ ಕಡೆಗೆ ಬರುವಂತೆ ಇಟ್ಟು ನೋಡಿ. ಕಿವಿ, ತೂತು, ಅಂಚು ಸಮ ಬಂದರೆ ಮಾತ್ರ ಗಾಡಿಗೆ ಹಾಕಿಸಿ. ಒಮ್ಮೆ ಹಾಕಿ ಬಿಚ್ಚಿದ ಪ್ಯಾಡನ್ನು ಯಾವ ಅಂಗಡಿಯವರೂ ವಾಪಸ್ ತಗೊಳ್ಳುವುದಿಲ್ಲ, ನಾವೂ ತಗೊಳ್ಳುವುದಿಲ್ಲ.