ಬುಡ ಬಿಟ್ಟು ಕೀಳುವ ಅಜ್ಜಿ

ಆಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವಾಗ ಸಿಗುವ ಕಾಫಿ ತೋಟವೊಂದರ ಅಂಚಿನಲ್ಲಿ ಹುತ್ತದ ಸುತ್ತ ಅಣಬೆ ಎದ್ದಿತ್ತು. ಬಿಎಸ್ಸಿ ಓದುವ ನನ್ನ ತಂಗಿಯ ಮಗಳು ಬೇರುಸಹಿತ ಒಂದನ್ನು ಬೇಕೆಂದು ಕಡ್ಡಿ ಹಿಡಿದು ಕೂತಳು. ತೋಟದಲ್ಲೇ ಕೂದಲು ನರೆತ ಅಜ್ಜಿ ತಡೆದರು: ‘ಅಗೀಬ್ಯಾಡ ಕಣವ್ವ, ಕೆಳಗೆ ಅದರ ಮನೆ ಐತೆ.’ ಅವರು ಕಾಂಡವನ್ನು ನೆಲದ ಮಟ್ಟದಲ್ಲೇ ಮುರಿದು ಮಡಿಲಿಗೆ ಹಾಕಿಕೊಂಡರು.

ಅಜ್ಜಿ ಹೇಳಿದ ಮನೆ ನಿಜವಾಗಿಯೂ ಇದೆ. ಅಣಬೆಯ ಕಾಂಡ ಬೇರಿನಂತೆ ಉದ್ದಕ್ಕೆ ಇಳಿದು, ಹುತ್ತದೊಳಗಿನ ಸ್ಪಂಜಿನಂಥ ಉಂಡೆಯೊಂದನ್ನು ಮುಟ್ಟುತ್ತದೆ. ಒಣ ಎಲೆ, ಕಟ್ಟಿಗೆಯನ್ನು ತಿಂದ ಗೆದ್ದಲುಗಳು ಅರೆ ಜೀರ್ಣವಾದ ಹಿಕ್ಕೆಯಿಂದ ಕಟ್ಟುವ ತೋಟ ಅದು. ಅದರಲ್ಲಿ ಬೆಳೆಯುವ ಶಿಲೀಂಧ್ರಕ್ಕೆ ಫ್ರಾನ್ಸಿನ ರೋಜೆ ಎಮ್ 1942ರಲ್ಲಿ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ಈ ಕೂಡುಬಾಳು ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಶುರುವಾಯಿತೆನ್ನುತ್ತಾರೆ.

ಕೊಡೆಯ ಅಡಿಯ ತೆಳು ಪದರಗಳಲ್ಲಿ ಬೆಸಿಡಿಯಂ ಎಂಬ ಗದೆಯಾಕಾರದ ಕೋಶಗಳಿವೆ. ಒಂದೊಂದರಲ್ಲೂ ಎರಡು ಕೋಶಕೇಂದ್ರಗಳು ಬೆರೆತು, ಕೂಡಲೇ ಮಿಯಾಸಿಸ್ ನಡೆದು ನಾಲ್ಕು ಬೀಜಾಣುಗಳಾಗುತ್ತವೆ. ಅವು ತರಗೆಲೆಯ ಮೇಲೆ ಬೀಳುತ್ತವೆ. ರೆಕ್ಕೆಯ ಗೆದ್ದಲು ಮೊದಲ ಮಳೆಗೆ ಹಾರಿ ಹೊಸ ಗೂಡು ಕಟ್ಟಿರುತ್ತವೆ; ಅದರ ಮೊದಲ ಕೆಲಸಗಾರ ಗೆದ್ದಲುಗಳು ಆಹಾರಕ್ಕೆ ಹೊರಡುವ ಹೊತ್ತಿಗೆ ಅಣಬೆ ಎದ್ದಿರುತ್ತದೆ. ತರಗೆಲೆಯ ಜೊತೆ ಬೀಜಾಣುವೂ ಅವುಗಳ ಹೊಟ್ಟೆ ಸೇರಿ ಗೂಡಿಗೆ ಬರುತ್ತದೆ.

ಮೊಳೆತ ಬೀಜಾಣುವಿನ ಎಳೆಯಲ್ಲಿ ಒಂದೇ ಬಗೆಯ ಕೋಶಕೇಂದ್ರವಿರುತ್ತದೆ. ಹೊಂದುವ ಇನ್ನೊಂದು ಎಳೆ ಸಿಕ್ಕಿ ಎರಡೂ ಕೂಡಿದರೂ ಕೇಂದ್ರಗಳು ಬೆರೆಯುವುದಿಲ್ಲ. ಜೋಡಿಯಾಗಿಯೇ ಉಳಿದು ಜಾಲವಾಗಿ ಹರಡುತ್ತವೆ. ಈ ಜಾಲ ತೋಟದ ಮೇಲೆ ಸಾಬಕ್ಕಿಯಂಥ ಬಿಳಿ ಗುಂಡುಗಳನ್ನು ಬಿಡುತ್ತದೆ. ಗೆದ್ದಲು ಅವನ್ನು ತಿಂದು, ಹೊಸ ಹಿಕ್ಕೆಯ ಜೊತೆ ಮತ್ತೆ ಬಿತ್ತುತ್ತದೆ. ವರ್ಷದ ಹೆಚ್ಚಿನ ಭಾಗ ಶಿಲೀಂಧ್ರದ ಬಾಳು ಇಷ್ಟೇ. ಮಳೆಗಾಲದಲ್ಲಿ ಮಾತ್ರ ಕೆಲವು ಮೊಗ್ಗುಗಳು ಗಟ್ಟಿ ಚೂಪು ತುದಿಯಿಂದ ಮಣ್ಣು ಕೊರೆದು ಮೇಲೆ ಬಂದು ಕೊಡೆ ಬಿಚ್ಚುತ್ತವೆ.

ಮನೆಗೆ ಬಂದು ಕಾಂಡ ತೆಗೆದ ಕೊಡೆಯೊಂದನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಪಾತ್ರೆ ಮುಚ್ಚಿದೆವು. ಬೆಳಗ್ಗೆ ತೆಳು ಗುಲಾಬಿ ಪುಡಿಯ ಗೆರೆಗಳು ಮೂಡಿದ್ದವು. ಹಸಿರು ಛಾಯೆ ಬಂದಿದ್ದರೆ ಅದು ವಾಂತಿ-ಭೇದಿ ತರಿಸುವ ಬೇರೆ ಅಣಬೆ. ಹಾಗೆಂದು ಗುಲಾಬಿ ಬಂದದ್ದೆಲ್ಲ ತಿನ್ನುವಂಥದ್ದಲ್ಲ. ವಿಷದವಕ್ಕೂ ಆ ಬಣ್ಣವಿದೆ.

ಗೆದ್ದಲು ಸತ್ತ ಹುತ್ತದಲ್ಲಿ ತೋಟ ಉಳಿಯುವುದಿಲ್ಲ. ಕ್ಸೈಲೇರಿಯಾ ಎಂಬ ಕಳೆ ಶಿಲೀಂಧ್ರ ಕಪ್ಪು ಕಡ್ಡಿಗಳಾಗಿ ಎದ್ದು ಆಕ್ರಮಿಸುತ್ತದೆ. ಆ ಕಾಫಿ ತೋಟದ ಇನ್ನೊಂದು ಅಂಚಿನ ಹುತ್ತಕ್ಕೆ ಯಾರೋ ಔಷಧಿ ಹೊಯ್ದಿದ್ದರು. ‘ಅದರಾಗೆ ಈ ಸಲ ಏಳಲಿಲ್ಲ’ ಎಂದರು ಅಜ್ಜಿ. ಆದರೂ ಹೊರಡುವಾಗ ದಾರಿ ತಪ್ಪಿಸಿ ಆ ಕಡೆಗೇ ಹೋಗಿ, ಒಮ್ಮೆ ಬಗ್ಗಿ ನೋಡಿ ಬಂದರು.