ಕೈ ಮೇಲೆತ್ತಿದರೆ ಜೋಮು ಹಿಡಿಯುವುದೇಕೆ?

ಚಾವಣಿಗೆ ಬಣ್ಣ ಬಳಿಯುವಾಗ, ತಲೆ ಬಾಚಿಕೊಳ್ಳುವಾಗ ಕೆಲವರ ಕೈ ನಿಮಿಷದೊಳಗೇ ಭಾರವಾಗುತ್ತದೆ, ಬೆರಳುಗಳು ಜುಮುಗುಡುತ್ತವೆ. ಕೈ ಇಳಿಸಿದರೆ ಸರಿಹೋಗುತ್ತದೆ.

ತೊಂದರೆಯ ಮೂಲ ಇರುವುದು ಕತ್ತಿನ ಬುಡದಲ್ಲಿ. ಕಾಲರ್ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನಲ್ಲೇ ತೋಳಿನ ನರಗಳು, ಅಪಧಮನಿ, ಅಭಿಧಮನಿ ಸಾಗುತ್ತವೆ. ತೋಳು ಎತ್ತಿದಾಗ ಆ ಸಂದು ಇನ್ನಷ್ಟು ಕಿರಿದಾಗುತ್ತದೆ. ಹುಟ್ಟಿನಿಂದಲೇ ಹೆಚ್ಚುವರಿ ಪಕ್ಕೆಲುಬು ಇದ್ದವರಲ್ಲಿ, ಕತ್ತಿನ ಸ್ನಾಯು ಬಿಗಿದವರಲ್ಲಿ ಅದು ಒತ್ತಡವಾಗುತ್ತದೆ. ಇದೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್.

ಒತ್ತಡ ಯಾವುದರ ಮೇಲೆ ಎಂಬುದನ್ನು ಕೈಯ ಬಣ್ಣವೇ ಬಹುಮಟ್ಟಿಗೆ ಹೇಳುತ್ತದೆ. ಅಪಧಮನಿ ಅದುಮಿದರೆ ರಕ್ತ ಕೈಗೆ ಇಳಿಯದೆ ಬೆರಳು ಬಿಳಿಚಿ ತಣ್ಣಗಾಗುತ್ತವೆ. ಅಭಿಧಮನಿ ಅದುಮಿದರೆ ರಕ್ತ ಮರಳಲಾಗದೆ ತೋಳು ನೀಲಿಗಟ್ಟಿ ಊದುತ್ತದೆ. ಬಹುಪಾಲು ಜನರಲ್ಲಿ ಒತ್ತಡ ನರದ್ದು: ಜೋಮು ಹೆಚ್ಚಾಗಿ ಕಿರುಬೆರಳು, ಉಂಗುರ ಬೆರಳಿಗೆ.

ವೈದ್ಯರು ಮಾಡಿಸುವ ಒಂದು ಪರೀಕ್ಷೆ ಸರಳ. ಮೊಣಕೈ ಮಡಿಸಿ, ತೋಳನ್ನು ಭುಜದ ಮಟ್ಟಕ್ಕೆ ಎತ್ತಿ, 3 ನಿಮಿಷ ಮುಷ್ಟಿಯನ್ನು ಬಿಚ್ಚಿ ಮುಚ್ಚುವುದು. ಆದರೆ ಆರೋಗ್ಯವಂತರಿಗೂ ಆಗ ಕೈ ಸೋಲುವುದುಂಟು. ಇದೊಂದನ್ನೇ ನಂಬಿ ನಿರ್ಧರಿಸಬಾರದು. ಕತ್ತಿನ ಡಿಸ್ಕ್ ತೊಂದರೆಯೂ ಹೀಗೇ ಕಾಡುತ್ತದೆ.

ನ್ಯೂಯಾರ್ಕ್ ಮೆಟ್ಸ್ ತಂಡದ ಬೇಸ್‌ಬಾಲ್ ಎಸೆತಗಾರ ಮ್ಯಾಟ್ ಹಾರ್ವೆ ಇದಕ್ಕಾಗಿ 2016ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಪಕ್ಕೆಲುಬೊಂದನ್ನು ತೆಗೆಯಲಾಯಿತು. ನರದ ಒತ್ತಡವಾದರೆ ಎಲ್ಲರಿಗೂ ಅಷ್ಟು ದೂರ ಹೋಗಬೇಕಿಲ್ಲ. ಫಿಸಿಯೊಥೆರಪಿಯೇ ಮೊದಲ ಮದ್ದು, ಅದೂ ಕೆಲವು ತಿಂಗಳು.

ತೋಳು ಇದ್ದಕ್ಕಿದ್ದಂತೆ ಊದಿ ನೀಲಿಯಾಗಿ, ಇಳಿಸಿದರೂ ಹಾಗೇ ಉಳಿದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.