ನಾನು ಹೇಳಿದ್ದನ್ನೇ ತಿರುಗಿ ಹೇಳಿ

ಲಕ್ವ ಹೊಡೆದು ಮಾತು ಕೆಟ್ಟವರನ್ನು ಪರೀಕ್ಷಿಸುವ ನರರೋಗ ತಜ್ಞರು ಸ್ಕ್ಯಾನಿಂಗ್ ವರದಿ ಕೈಗೆ ಬರುವ ಮೊದಲೇ ಮೂರು ಕೆಲಸ ಮಾಡುತ್ತಾರೆ. ರೋಗಿಯನ್ನು ಮಾತಿಗೆಳೆದು ಅವರ ಮಾತು ಸರಾಗವಾಗಿ ಬರುತ್ತಿದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. 'ಕಣ್ಣು ಮುಚ್ಚಿ', 'ಬಾಗಿಲು ತೋರಿಸಿ' ಎಂದು ಹೇಳಿ, ಅರ್ಥವಾಯಿತೇ ಎಂದು ನೋಡುತ್ತಾರೆ. ಕೊನೆಗೆ ಒಂದು ವಾಕ್ಯ ಹೇಳಿ, 'ನಾನು ಹೇಳಿದ್ದನ್ನೇ ತಿರುಗಿ ಹೇಳಿ' ಎನ್ನುತ್ತಾರೆ. ಮಕ್ಕಳ ಆಟದಂತೆ ಕಾಣುವ ಈ ಮೂರನೆಯ ಪರೀಕ್ಷೆಯನ್ನು ಮೊದಲೆರಡರ ಜೊತೆ ಇಟ್ಟು ನೋಡಿದರೆ, ಪೆಟ್ಟು ಮಿದುಳಿನ ಯಾವ ಭಾಗಕ್ಕೆ ಬಿದ್ದಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಮಿದುಳಿನ ಇಂಥದೇ ಜಾಗಕ್ಕೂ ಮಾತಿಗೂ ನಂಟಿದೆ ಎಂದು ಗಟ್ಟಿಯಾಗಿ ತೋರಿಸಿಕೊಟ್ಟವನು ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ. 1861ರ ಏಪ್ರಿಲ್‌ನಲ್ಲಿ ಬಿಸೆತ್ರ್ ಆಸ್ಪತ್ರೆಯಲ್ಲಿ ಅವನ ಬಳಿಗೆ 51 ವರ್ಷದ ಲೆಬೋರ್ನ್ ಎಂಬ ರೋಗಿಯನ್ನು ಕರೆತಂದರು. ಕಾಲು ಕೊಳೆತು ಸಾವಿನಂಚಿನಲ್ಲಿದ್ದ ಆತ 21 ವರ್ಷಗಳಿಂದ ಅದೇ ಆಸ್ಪತ್ರೆಯಲ್ಲಿದ್ದ. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದದ್ದು 'ತಾನ್, ತಾನ್' ಎಂಬ ಸದ್ದು ಮಾತ್ರ. ಸಿಟ್ಟು ನೆತ್ತಿಗೇರಿದಾಗ ಒಂದು ಬೈಗುಳವೂ ಬರುತ್ತಿತ್ತು. ಕೇಳಿದ್ದು ಅರ್ಥವಾಗುತ್ತಿತ್ತು, ಸಂಖ್ಯೆಗಳನ್ನು ಬೆರಳಿನಲ್ಲಿ ತೋರಿಸುತ್ತಿದ್ದ. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಬ್ರೋಕಾ ತಲೆಬುರುಡೆ ತೆರೆದು ನೋಡಿದಾಗ ಎಡ ಮಿದುಳಿನ ಮುಂಭಾಗದಲ್ಲಿ, ಹಣೆಯ ಪಕ್ಕಕ್ಕೆ ಕೆಳಗಿರುವ ಮಡಿಕೆಯ ಆಸುಪಾಸು ನಾಶವಾಗಿತ್ತು. ಇಂಥ ಇನ್ನಷ್ಟು ರೋಗಿಗಳನ್ನು ನೋಡಿದ ಮೇಲೆ, 1865ರಲ್ಲಿ, ಮಾತಿನ ವಿಚಾರದಲ್ಲಿ ಎಡ ಮಿದುಳಿನದೇ ಮೇಲುಗೈ ಎಂದು ಸಾರಿದ.

ಈ ಭಾಗಕ್ಕೆ ಪೆಟ್ಟಾದಾಗ ಬರುವ ಬ್ರೋಕಾ ಅಫೇಸಿಯಾದಲ್ಲಿ ಎಲ್ಲರ ಸ್ಥಿತಿಯೂ ಲೆಬೋರ್ನ್‌ನಷ್ಟು ತೀವ್ರವಾಗಿರುವುದಿಲ್ಲ. 'ಬೆಳಿಗ್ಗೆ... ಮಗ... ಆಸ್ಪತ್ರೆ... ಡಾಕ್ಟ್ರು... ಸೂಜಿ' ಎಂದು ಒಂದೊಂದೇ ಪದವನ್ನು ಕಷ್ಟಪಟ್ಟು ಹೊರಡಿಸುತ್ತಾರೆ. ಪದಗಳನ್ನು ವಾಕ್ಯವಾಗಿ ಕಟ್ಟುವ ಪ್ರತ್ಯಯಗಳು ಉದುರಿಹೋಗುತ್ತವೆ ಅಥವಾ ಅದಲುಬದಲಾಗುತ್ತವೆ. ದಿನನಿತ್ಯದ ಮಾತು ಅವರಿಗೆ ತಿಳಿಯುತ್ತದೆ. ಆದರೆ 'ಸಿಂಹವನ್ನು ಹುಲಿ ಕೊಂದಿತು, ಸತ್ತದ್ದು ಯಾವುದು?' ಎಂದು ಕೇಳಿದರೆ ತಡವರಿಸಬಹುದು. ಇಲ್ಲಿ ಅರ್ಥವೆಲ್ಲ ಒಂದು ಪ್ರತ್ಯಯದ ಮೇಲೆ ನಿಂತಿದೆ. ಹೇಳಿದ್ದನ್ನು ತಿರುಗಿ ಹೇಳುವುದೂ ಇವರಿಗೆ ಕಷ್ಟ. ಬಲಗೈ, ಬಲಗಡೆಯ ಮುಖವನ್ನು ಆಡಿಸುವ ಜಾಗ ಬ್ರೋಕಾ ಪ್ರದೇಶಕ್ಕೆ ಒತ್ತಿಕೊಂಡೇ ಇರುವುದರಿಂದ ಸಾಮಾನ್ಯವಾಗಿ ಬಲಗೈಯೂ ಸೋತಿರುತ್ತದೆ. ತಮ್ಮ ಮಾತು ಕೆಟ್ಟಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕಣ್ಣೀರು ಹಾಕುವುದೂ ಅದಕ್ಕೇ.

ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು 1874ರಲ್ಲಿ ಕಾರ್ಲ್ ವರ್ನಿಕೆ ಎಂಬ 26 ವರ್ಷದ ಜರ್ಮನ್ ವೈದ್ಯ ವಿವರಿಸಿದ. ಅವನು ಗುರುತಿಸಿದ ಜಾಗ ಎಡಗಿವಿಯ ಮೇಲೆ, ತುಸು ಹಿಂದಕ್ಕಿದೆ. ಅಲ್ಲಿ ಪೆಟ್ಟಾದವರು ತಡೆಯಿಲ್ಲದೆ ಮಾತಾಡುತ್ತಾರೆ. ಧ್ವನಿಯ ಏರಿಳಿತವೂ ಸಹಜ, ಪ್ರತ್ಯಯಗಳೂ ಇವೆ. ತಿರುಳೊಂದೇ ಇಲ್ಲ: 'ಅದನ್ನ ಅಲ್ಲಿ ಇಟ್ಟು ನೋಡಿದ್ರಲ್ಲ, ಮೇಲಿಂದ ಆ ಗಡಿಕೆ ಹಾಗೇ ಬಂದು ಅವರಿಗೆ ತೊಳೆದದ್ದು.' ನಾವು ಹೇಳಿದ್ದು ಅವರಿಗೆ ತಲುಪುವುದಿಲ್ಲ. ತಾವು ಹೇಳುತ್ತಿರುವುದು ತಪ್ಪೆಂಬುದೂ ಎಷ್ಟೋ ಸಲ ತಿಳಿಯುವುದಿಲ್ಲ. ತಿರುಗಿ ಹೇಳಿ ಎಂದರೆ ಏನೋ ಬೇರೆಯದನ್ನೇ ಹೇಳುತ್ತಾರೆ.

ಅನಾಹುತ ಹೆಚ್ಚಾಗಿ ಆಗುವುದು ಇಲ್ಲೇ. ಕೈಕಾಲು ಆಡಿಸುವ ಜಾಗ ಈ ಪ್ರದೇಶದಿಂದ ದೂರವಿರುವುದರಿಂದ ಹಲವರು ಎದ್ದು ಓಡಾಡಿಕೊಂಡೇ ಇರುತ್ತಾರೆ. ಬಾಯಿ ಸೊಟ್ಟಗಾಗಿರುವುದಿಲ್ಲ, ಕೈ ಬಿದ್ದಿರುವುದಿಲ್ಲ. ಮನೆಯವರು ಅರುಳುಮರುಳು ಎಂದುಕೊಳ್ಳುತ್ತಾರೆ, ಇಲ್ಲವೇ ಮಾನಸಿಕ ಕಾಯಿಲೆಯೆಂದು ಮನೋವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಮಿದುಳಿಗೆ ರಕ್ತ ಒದಗಿಸುವ ಒಂದು ದೊಡ್ಡ ನಾಳ ಎಡಗಡೆ ಎರಡು ಮುಖ್ಯ ಕವಲುಗಳಾಗುತ್ತದೆ. ಮೇಲಿನ ಕವಲು ಕಟ್ಟಿಕೊಂಡರೆ ಬ್ರೋಕಾ ಬಗೆ, ಕೆಳಗಿನದು ಕಟ್ಟಿಕೊಂಡರೆ ವರ್ನಿಕೆ ಬಗೆ. ಎರಡೂ ಲಕ್ವವೇ. ಬುಡದಲ್ಲೇ ಕಟ್ಟಿಕೊಂಡರೆ ಆಡುವುದು, ಅರಿಯುವುದು, ತಿರುಗಿ ಹೇಳುವುದು ಮೂರೂ ಹೋಗುತ್ತವೆ.

ವರ್ನಿಕೆಯ ನಿಜವಾದ ಜಾಣ್ಮೆ ಮುಂದಿನ ಹೆಜ್ಜೆಯಲ್ಲಿದೆ. ಕೇಳಿದ್ದನ್ನು ಅರಿಯುವ ಜಾಗ ಹಿಂದೆ, ಆಡುವ ಜಾಗ ಮುಂದೆ ಇದ್ದರೆ ಇವೆರಡನ್ನೂ ಜೋಡಿಸುವ ನರತಂತುಗಳು ಇರಲೇಬೇಕು. ಆ ತಂತುಗಳು ಮಾತ್ರ ಕಡಿದುಹೋದರೆ ಬೇರೆಯದೇ ಬಗೆಯ ಅಫೇಸಿಯಾ ಬರಬೇಕು ಎಂದು ಅವನು ತರ್ಕಿಸಿದ. ಅಂಥ ರೋಗಿಗಳು ನಿಜಕ್ಕೂ ಇದ್ದಾರೆ. ನಿವೃತ್ತ ಮೇಷ್ಟ್ರೊಬ್ಬರನ್ನು ಕಲ್ಪಿಸಿಕೊಳ್ಳಿ. ನಡೆದದ್ದನ್ನು ಅವರು ಹೆಚ್ಚುಕಡಿಮೆ ಸರಾಗವಾಗಿಯೇ ಹೇಳುತ್ತಾರೆ, ಕೇಳಿದ್ದಕ್ಕೆ ಸರಿಯಾಗಿ ತಲೆಯಾಡಿಸುತ್ತಾರೆ. 'ತೆಂಗಿನಕಾಯಿ ಅನ್ನಿ' ಎಂದರೆ ಮಾತ್ರ, 'ತೆಗ್ಗಿನ... ಅಲ್ಲ, ತೆಂಕಿನ... ತೆಂಗಿಕಾ... ತೆಂಗಿನಕಾಯಿ' ಎಂದು ತಪ್ಪನ್ನು ತಾವೇ ಹಿಡಿದು ತಿದ್ದುತ್ತಾ ಹತ್ತಿರ ಬರುತ್ತಾರೆ. 'ಅಡುಗೆಭಟ್ಟ ಬಹಳ ಹಿಗ್ಗಿದ' ಎಂಬ ವಾಕ್ಯ ಕೊಟ್ಟರೆ, 'ಅದೇ, ಅಡುಗೆಯವನಿಗೆ ಖುಷಿ ಆಯ್ತು ಅಂತ' ಎನ್ನುತ್ತಾರೆ. ಅರ್ಥ ಒಳಗೆ ಹೋಗಿದೆ. ಕೇಳಿದ ಸದ್ದುಗಳನ್ನು ಇದ್ದ ಹಾಗೆಯೇ ಬಾಯಿಗೆ ತಲುಪಿಸುವ ದಾರಿ ಮುರಿದಿದೆ. ಇದಕ್ಕೆ ಕಂಡಕ್ಷನ್ ಅಫೇಸಿಯಾ ಎನ್ನುತ್ತಾರೆ.

ಇದರ ತಿರುಗುಮುರುಗು ರೂಪವೂ ಇದೆ. ಮಾತಿನ ಈ ಎರಡು ಕೇಂದ್ರಗಳೂ ಅವನ್ನು ಜೋಡಿಸುವ ತಂತುಗಳೂ ಸುರಕ್ಷಿತವಾಗಿದ್ದು, ಸುತ್ತಲಿನ ಪ್ರದೇಶ ಮಾತ್ರ ಸತ್ತುಹೋಗುವುದುಂಟು. ಆ ಅಂಚು ಎರಡು ರಕ್ತನಾಳಗಳ ಹರವು ಮುಗಿದು ಒಂದನ್ನೊಂದು ಮುಟ್ಟುವ ಜಾಗ, ಎರಡು ಕಾಲುವೆಗಳ ಕೊನೆಯ ಗದ್ದೆಯಿದ್ದ ಹಾಗೆ. ಹೃದಯ ಕೆಲಹೊತ್ತು ನಿಂತು ಮತ್ತೆ ಹೊಡೆದುಕೊಂಡಾಗ ಅಥವಾ ಕುತ್ತಿಗೆಯ ರಕ್ತನಾಳ ಕಿರಿದಾಗಿರುವವರಲ್ಲಿ ರಕ್ತದೊತ್ತಡ ಕುಸಿದಾಗ ಮೊದಲು ಬತ್ತುವುದು ಅದೇ. ಆಗ ರೋಗಿ ತಾನಾಗಿ ಏನನ್ನೂ ಹೇಳದೆ, ಹೇಳಿದ್ದು ಅರ್ಥವಾಗದೆ ಇದ್ದರೂ, ಕೊಟ್ಟ ವಾಕ್ಯವನ್ನು ಅಚ್ಚುಕಟ್ಟಾಗಿ ತಿರುಗಿ ಹೇಳಬಲ್ಲ. ಅಮೆರಿಕದ ನಾರ್ಮನ್ ಗೆಶ್ವಿಂಡ್ ಮತ್ತು ಸಂಗಡಿಗರು 1968ರಲ್ಲಿ ವರದಿ ಮಾಡಿದ ಮಹಿಳೆಯೊಬ್ಬಳ ಮಿದುಳು ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಹಾಳಾಗಿತ್ತು. ಆಕೆಗೆ ಮಾತು ಅರ್ಥವಾಗುತ್ತಿದ್ದ ಯಾವ ಸುಳಿವೂ ಇರಲಿಲ್ಲ. ಹಾಗಿದ್ದೂ ಹೇಳಿದ್ದನ್ನು ತಿರುಗಿ ಹೇಳುತ್ತಿದ್ದಳು, ಅರ್ಧಕ್ಕೆ ಬಿಟ್ಟ ಪರಿಚಿತ ನುಡಿಗಟ್ಟನ್ನು ಪೂರ್ತಿ ಮಾಡುತ್ತಿದ್ದಳು, ಹೊಸ ಹಾಡನ್ನೂ ಕಲಿತಳು. ಈ ವಿಷಯದಲ್ಲಿ ನಾನು ಓದಿದ ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ ವರದಿ ಇದು.

ಈ ನಕ್ಷೆಯನ್ನು ಗೆರೆ ಕೊರೆದಂತೆ ನಂಬಬಾರದು. ಲೆಬೋರ್ನ್‌ನ ಮಿದುಳನ್ನು ಬ್ರೋಕಾ ಕತ್ತರಿಸದೆ ಹಾಗೆಯೇ ಕಾಪಿಟ್ಟಿದ್ದ. ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದ ವರದಿ 2007ರಲ್ಲಿ ಬಂತು. ಹಾನಿ ಬ್ರೋಕಾ ಕಂಡ ಹೊರಪದರದಲ್ಲಿ ನಿಲ್ಲದೆ ಒಳಗಿನ ತಂತುಗಳವರೆಗೂ ಇಳಿದಿತ್ತು. ಬ್ರೋಕಾ ಪ್ರದೇಶವೊಂದಕ್ಕೇ ಪೆಟ್ಟಾದರೆ ಮಾತು ಕೆಲವು ವಾರಗಳಲ್ಲಿ ಬಹುಪಾಲು ಮರಳುತ್ತದೆ ಎಂಬುದೂ ಈಗ ತಿಳಿದಿದೆ. ಬಾಳಿಕೆ ಬರುವ ತೊಂದರೆಗೆ ದೊಡ್ಡ ಗಾಯವೇ ಬೇಕು. ಕಂಡಕ್ಷನ್ ಅಫೇಸಿಯಾದಲ್ಲೂ ತಂತುಗಳಷ್ಟೇ ಅಲ್ಲದೆ ಅವುಗಳ ಮೇಲಿನ ಹೊರಪದರವೂ ಹಾಳಾಗಿರುವುದು ಕಾಣುತ್ತದೆ. ಯಾವ ಬಗೆಗೂ ಸರಿಯಾಗಿ ಹೊಂದದ ರೋಗಿಗಳು ಬಹಳ. ಮೂರೂ ಹೋಗಿದ್ದವರು ತಿಂಗಳುಗಳ ನಂತರ ಬ್ರೋಕಾ ಬಗೆಗೆ ಬಂದು ನಿಲ್ಲುವುದೂ ಉಂಟು.

ಆದ್ದರಿಂದ ಚೇತರಿಕೆಯ ಹಾದಿಯಲ್ಲಿ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಅದೂ ರೋಗಿಯ ಮನೆಮಾತಿನಲ್ಲೇ. ಇಂಗ್ಲಿಷಿನ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷಾಕ್ರಮ ಕನ್ನಡದಲ್ಲೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಫೇಸಿಯಾಕ್ಕೆ ಮಾತಿನ ಚಿಕಿತ್ಸೆಯೂ ಸಿಗುತ್ತದೆ.

ಮನೆಯವರೊಬ್ಬರ ಮಾತು ಇದ್ದಕ್ಕಿದ್ದಂತೆ ಅಸಂಬದ್ಧವಾದರೆ, ಕೈಕಾಲು ನೆಟ್ಟಗಿದ್ದರೂ ಅದನ್ನು ಲಕ್ವವೆಂದೇ ತಿಳಿದು ಹೊರಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ನೆನಪಿಟ್ಟುಕೊಂಡು ಹೋಗಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.